ಬಾಕಿ ತೀರಿಸಿ ಬರೆದ ಹಬ್ಬದ ಓಲೆ

2025ರ ವಿಜಯದಶಮಿ ಕಳೆದು ನಾಲ್ಕು ದಿನಗಳಾಗಿದ್ದವು. ಬೆಳಗಿನ ಲಿಂಗಪೂಜೆಯನ್ನು ಮುಗಿಸಿ ನಾವು ಜಗಲಿಯ ಮೇಲೆ ಕುಳಿತಿದ್ದಾಗ, ನಮ್ಮ ಅಣ್ಣನವರ ಸೊಸೆ ಒಂದು ಅಚ್ಚಿನ ಕಾರ್ಡನ್ನು ಕೈಯಲ್ಲಿ ಹಿಡಿದು ಬಂದಳು. ಅಂಚಿಗೆ ಚಿನ್ನದ ಬಣ್ಣ, ನಡುವೆ ಹಣತೆಯ ಚಿತ್ರ, ಕೆಳಗೆ ಎರಡು ಸಾಲು: ತಮ್ಮ ಅಮೂಲ್ಯ ಸಹಕಾರಕ್ಕೆ ಹೃತ್ಪೂರ್ವಕ ಧನ್ಯವಾದಗಳು, ದೀಪಾವಳಿಯ ಹಾರ್ದಿಕ ಶುಭಾಶಯಗಳು.

"ಮಾವನವರೇ, ಮುದ್ರಣಾಲಯದವರು ಮಾದರಿಗೆಂದು ಇದನ್ನು ಕೊಟ್ಟಿದ್ದಾರೆ. ನಮಗೆ ಸಾಮಾನು ಒದಗಿಸುವವರಿಗೂ ಮಾಲು ಸಾಗಿಸುವವರಿಗೂ ಈ ಸಲ ಹಬ್ಬಕ್ಕೆ ಒಂದು ಕಾಗದ ಕಳಿಸೋಣವೆಂದು ಮನಸ್ಸಾಗಿದೆ. ಈ ಸಾಲುಗಳು ಸಾಲವು. ನೀವು ಮಠದಲ್ಲಿ ಓದಿದವರು, ನಾಲ್ಕು ಒಳ್ಳೆಯ ಮಾತು ಬರೆದುಕೊಡಿ" ಎಂದಳು.

ನಮ್ಮ ಅಣ್ಣನ ಮಗನೂ ಆತನ ಪತ್ನಿಯೂ ಊರ್ಡಿಗೆರೆಯಲ್ಲಿ ಮನೆಯ ಹಿಂಭಾಗದ ಎರಡು ಅಂಕಣಗಳಲ್ಲಿಯೇ ಒಂದು ಸಣ್ಣ ಉದ್ಯೋಗವನ್ನು ನಡೆಸುತ್ತಾರೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಸಾರಿನ ಪುಡಿಗಳನ್ನು ತಯಾರಿಸಿ ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಅಂಗಡಿಗಳಿಗೆ ಕಳುಹಿಸುತ್ತಾರೆ. ದೇವರಾಯನದುರ್ಗದ ಮಗ್ಗುಲಿನ ಈ ಸೀಮೆಯಲ್ಲಿ ಹುಣಸೆಯ ಮರಗಳಿಗೆ ಕೊರತೆಯಿಲ್ಲ. ತುಮಕೂರಿನ ಮಂಡಿಯೂ ಹುಣಸೆಹಣ್ಣಿನ ವ್ಯಾಪಾರಕ್ಕೆ ಹೆಸರಾದದ್ದು. ಆದುದರಿಂದ ಗೊಜ್ಜಿನ ಕಾಯಕ ಇವರಿಗೆ ಒಗ್ಗಿದೆ.

ಸೊಸೆ ಕೇಳಿದ ನಾಲ್ಕು ಮಾತುಗಳನ್ನು ನಾವು ಒಡನೆಯೇ ಬರೆದುಕೊಡಲಿಲ್ಲ. ಬರೆಯಲು ಬಾರದೆಂದಲ್ಲ, ಹಿಂದೊಮ್ಮೆ ಬರೆದು ನಾಚಿಕೆಪಟ್ಟಿದ್ದೆವು. ಆ ಸಂಗತಿಯನ್ನು ಆಕೆಗೆ ಹೇಳಿದೆವು. ಓದುಗರ ಮುಂದೆಯೂ ಅರಿಕೆ ಮಾಡಿಕೊಳ್ಳುತ್ತೇವೆ.

ಅದು 1984ರ ದೀಪಾವಳಿ. ಸಿದ್ಧಗಂಗೆಯಲ್ಲಿ ಸಂಸ್ಕೃತಾಧ್ಯಯನವನ್ನು ಮುಗಿಸಿ ಬಂದು ನಮಗೆ ಹೆಚ್ಚು ವರ್ಷಗಳಾಗಿರಲಿಲ್ಲ. ನಮ್ಮ ಅಣ್ಣನವರು ಆಗ ಸುತ್ತಲಿನ ರೈತರಿಂದ ಕಡಲೆಕಾಯಿ ಕೊಂಡು ಎಣ್ಣೆ ತೆಗೆಸಿ ಮಾರುತ್ತಿದ್ದರು. "ತಮ್ಮಾ, ಹಬ್ಬಕ್ಕೆ ನಮ್ಮ ರೈತರಿಗೆಲ್ಲ ಒಂದು ಒಳ್ಳೆಯ ಕಾಗದ ಬರೆದುಕೊಡು" ಎಂದರು. ಕಲಿತ ವಿದ್ಯೆಯನ್ನು ಮೆರೆಸಲು ಅವಕಾಶ ದೊರೆಯಿತೆಂದು ನಾವು ಹಿಗ್ಗಿದೆವು. ಸಮಾಸಗಳನ್ನು ಪೋಣಿಸಿ, ರೈತನನ್ನು ಅನ್ನಬ್ರಹ್ಮನೆಂದೂ ಅಣ್ಣನವರನ್ನು ಆತನ ಚರಣರಜವೆಂದೂ ವರ್ಣಿಸಿ, ಒಂದು ಪುಟವನ್ನು ತುಂಬಿಸಿದೆವು. ಅದನ್ನು ಅಚ್ಚು ಹಾಕಿಸಿ ಹಂಚಲಾಯಿತು.

ಬಲಿಪಾಡ್ಯಮಿಯ ಮರುದಿನ ಒಬ್ಬ ವಯಸ್ಸಾದ ರೈತರು ಆ ಕಾಗದವನ್ನು ನಾಲ್ಕು ಮಡಿಕೆಯಾಗಿ ಮಡಿಸಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದರು. ಅಣ್ಣನವರು ಮನೆಯಲ್ಲಿರಲಿಲ್ಲ. ಅವರು ನಮ್ಮ ಮುಂದೆಯೇ ಕಾಗದವನ್ನು ಬಿಚ್ಚಿ ಹೇಳಿದರು: "ಕಾಗ್ದ ಬಲು ಚೆಂದಾಗೈತೆ ಸ್ವಾಮಿ. ದುಡ್ಡಿನ ಇಸ್ಯ ಎಲ್ಲಾನ ಐತೇನೋ ಅಂತ ಮಗನ ಕೈಲಿ ಎಲ್ಡು ಸಲ ಓದಿಸ್ದೆ. ಕಾಣ್ನಿಲ್ಲ."

ಅವರು ಕಡಲೆಕಾಯಿ ಹಾಕಿದ್ದು ಹಿಂದಿನ ಸಂಕ್ರಾಂತಿಯ ಸುಮಾರಿಗೆ. ಅರ್ಧ ಹಣ ಆಗಲೇ ಸಂದಿತ್ತು. ಉಳಿದರ್ಧಕ್ಕೆ ಹತ್ತು ತಿಂಗಳಿನಿಂದ ಅವರು ನಡೆದಾಡುತ್ತಿದ್ದುದು ನಮಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಗೋಜಿಗೂ ನಾವು ಹೋಗಿರಲಿಲ್ಲ. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅಷ್ಟು ದೊಡ್ಡ ಕಾಗದವನ್ನು ಕಳುಹಿಸಿದ ಮೇಲೆ ಅದರಲ್ಲಿ ಹಣದ ವಿಷಯ ಇದ್ದೇ ಇರುತ್ತದೆಂದು ಆ ಮನುಷ್ಯರು ನಿಜವಾಗಿಯೂ ನಂಬಿದ್ದರು. ನಾವು ತಲೆಯೆತ್ತಲಾರದೆ ಹೋದೆವು. ಬಾಕಿಯನ್ನು ಉಳಿಸಿಕೊಂಡವನು ಬರೆದ ವಂದನೆ ಇನ್ನಷ್ಟು ದಿನ ತಾಳಿರೆಂಬ ಬಿನ್ನಹವಾಗುತ್ತದೆಯೇ ಹೊರತು ವಂದನೆಯಾಗುವುದಿಲ್ಲವೆಂಬ ಪಾಠವನ್ನು ನಾವು ಯಾವ ಗ್ರಂಥದಲ್ಲಿಯೂ ಓದಿರಲಿಲ್ಲ. ಆ ದಿನ ಜಗಲಿಯ ಮೇಲೆ ಕಲಿತೆವು.

ಇದನ್ನು ಕೇಳಿ ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅನಂತರ "ಹಾಗಾದರೆ ಎಲ್ಲಿಂದ ಮೊದಲು ಮಾಡೋಣ?" ಎಂದು ಕೇಳಿದಳು.

"ಯಾರಿಗೆ ಬರೆಯಬೇಕೆಂಬುದರಿಂದ, ತಾಯಿ" ಎಂದೆವು.

ಆಕೆಯ ಬಳಿ ಆಗಲೇ ಒಂದು ಪಟ್ಟಿಯಿತ್ತು. ಅದರಲ್ಲಿ 14 ಹೆಸರುಗಳು. ಹುಣಸೆ ಕೊಟ್ಟ ಮೂವರು ರೈತರು, ಗಾಣದ ಎಣ್ಣೆಯವರು, ಬೆಲ್ಲದವರು, ಬ್ಯಾಡಗಿ ಮೆಣಸಿನಕಾಯಿ ತರಿಸಿಕೊಡುವ ವರ್ತಕರು, ತಿಪಟೂರಿನ ಕೊಬ್ಬರಿಯವರು, ಬಾಟಲಿಯವರು, ಚೀಟಿ ಅಚ್ಚು ಹಾಕುವವರು, ಪಾರ್ಸಲ್ ಕಚೇರಿಯವರು, ಹೀಗೆ. ಎಲ್ಲಿಂದ ಬರೆದುಕೊಂಡೆಯೆಂದು ಕೇಳಿದರೆ, ಬಿಲ್ಲುಗಳ ಕಡತದಿಂದ ಎಂದಳು. ಬಿಲ್ಲು ಕೊಟ್ಟವರು ಮಾತ್ರ ಪಟ್ಟಿಯಲ್ಲಿರುವುದು ಅದರಿಂದಲೇ ತಿಳಿಯಿತು.

ನಾವು ಒಂದು ಉಪಾಯವನ್ನು ಹೇಳಿದೆವು. ಗುಬ್ಬಿಯ ಯಾವುದಾದರೂ ಅಂಗಡಿಯ ಹಲಗೆಯ ಮೇಲಿರುವ ನಿನ್ನದೊಂದು ಗೊಜ್ಜಿನ ಬಾಟಲಿಯನ್ನು ಮನಸ್ಸಿಗೆ ತಂದುಕೊ. ಅದು ಬಂದ ದಾರಿಯಲ್ಲಿ ಹಿಂದುಹಿಂದಕ್ಕೆ ನಡೆ. ಒಂದೊಂದು ಹೆಜ್ಜೆಗೂ ನಿಂತು, ಇಲ್ಲಿ ಯಾರ ಕೈ ತಾಗಿತ್ತೆಂದು ಕೇಳಿಕೋ. ಆಕೆ ಹಾಗೆಯೇ ನಡೆದಳು. ಅಂಗಡಿಗೆ ತಲುಪಿಸಿದ್ದು ಲಗೇಜ್ ಆಟೋ. ಅದರ ಚಾಲಕ, ಆತನೊಡನೆ ಪೆಟ್ಟಿಗೆ ಇಳಿಸುವ ಹುಡುಗ. ಇವರಿಬ್ಬರಿಗೂ ಬಾಡಿಗೆ ಕೈಯಲ್ಲೇ ಸಲ್ಲುತ್ತದೆ, ಬಿಲ್ಲಿಲ್ಲ. ಬಾಟಲಿಗೆ ಚೀಟಿ ಬಂತು, ಗೊಜ್ಜು ಬಂತು, ಗೊಜ್ಜಿಗೆ ಎಣ್ಣೆ, ಎಳ್ಳು, ಮೆಣಸಿನಕಾಯಿ ಬಂದವು. ಮೆಣಸಿನಕಾಯಿಯ ಚೀಲವನ್ನು ಮಂಡಿಯಲ್ಲಿ ಹೊತ್ತು ವಾಹನಕ್ಕೆ ಹಾಕಿದ ಹಮಾಲಿ ಒಬ್ಬರು. ಇನ್ನೂ ಹಿಂದಕ್ಕೆ ಹೋದರೆ ಹುಣಸೆಯ ತಿರುಳು. ಅಲ್ಲಿಗೆ ಬಂದು ಆಕೆ ನಿಂತುಬಿಟ್ಟಳು.

"ಬೀಜ ತೆಗೆದವರು!" ಎಂದಳು.

ಹುಣಸೆಯ ಕೆಲಸವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾಘ, ಫಾಲ್ಗುಣಗಳಲ್ಲಿ ಕೊಂಬೆಗಳನ್ನು ಅಲುಗಿಸಿ ಉದುರಿಸಿದ ಕಾಯಿ ನೇರವಾಗಿ ಗೊಜ್ಜಿಗೆ ಬರುವುದಿಲ್ಲ. ಬಿಸಿಲಿನಲ್ಲಿ ಒಣಗಿಸಿ ಓಡನ್ನು ಒಡೆಯಬೇಕು, ನಾರನ್ನು ಎಳೆಯಬೇಕು, ಹಣ್ಣನ್ನು ಜಜ್ಜಿ ಒಂದೊಂದಾಗಿ ಬೀಜವನ್ನು ಬಿಡಿಸಬೇಕು. 10 ಕಿಲೋ ಕಾಯಿಯಿಂದ ಸುಮಾರಾಗಿ 4 ಕಿಲೋ ತಿರುಳು ಸಿಕ್ಕಿದರೆ ಸರಿ. ಈ ಕೆಲಸವನ್ನು ಊರಿನ ಏಳು ಮಂದಿ ಹೆಣ್ಣುಮಕ್ಕಳು ಚೀಲಗಳನ್ನು ಮನೆಗೊಯ್ದು, ಕಿಲೋ ಲೆಕ್ಕದ ಕೂಲಿಗೆ ಮಾಡಿಕೊಡುತ್ತಾರೆ. ಹುಣಸೆಯ ಹುಳಿ ಬೆರಳಿನ ಸಂದುಗಳನ್ನು ಬಿರಿಯಿಸುತ್ತದೆ. ಆ ಬಿರುಕಿಗೆ ಮತ್ತೆ ಹುಳಿ ತಾಗಿದರೆ ರಾತ್ರಿಯೆಲ್ಲ ಉರಿ. ಒಂದು ಬೀಜ ಉಳಿದರೂ ಗೊಜ್ಜು ತಿನ್ನುವವರ ಹಲ್ಲಿಗೆ ಸಿಕ್ಕಿ ಹೆಸರು ಕೆಡುತ್ತದೆ. ವರ್ಷವಿಡೀ ಉದ್ಯೋಗದ ಹೆಸರನ್ನು ಉಳಿಸಿದ ಆ ಏಳು ಮಂದಿಯ ಹೆಸರೂ ಪಟ್ಟಿಯಲ್ಲಿರಲಿಲ್ಲ. ಅವರು ಬಿಲ್ಲು ಬರೆಯುವವರಲ್ಲ. ಇವರನ್ನೆಲ್ಲ ಸೇರಿಸಿದಾಗ ಪಟ್ಟಿ 24ಕ್ಕೆ ಬಂದಿತು.

ಇನ್ನೊಬ್ಬರು ಉಳಿದಿದ್ದರು. ದೂರದೂರಿನ ಗಿರಾಕಿಗಳಿಗೆ ಹೋಗುವ ಪೊಟ್ಟಣಗಳನ್ನು ಒಯ್ಯಲು ಕೊರಿಯರ್ ಕಂಪನಿಯ ಹುಡುಗನೊಬ್ಬ ದ್ವಿಚಕ್ರ ವಾಹನದಲ್ಲಿ ಬರುತ್ತಾನೆ. ಎರಡು ಮೂರು ತಿಂಗಳಿಗೊಮ್ಮೆ ಹುಡುಗ ಬದಲಾಗುತ್ತಾನೆ. ಈಗ ಬರುವವನ ಹೆಸರು ಮನೆಯಲ್ಲಿ ಯಾರಿಗೂ ತಿಳಿಯದು. ಮರುದಿನ ಬಂದಾಗ ಕೇಳಿ ಬರೆದುಕೊಳ್ಳಲು ಹೇಳಿದೆವು. ಹೆಸರು ತಿಳಿಯದವನಿಗೆ ಧನ್ಯವಾದ ಹೇಳುವುದೆಂದರೆ ವಿಳಾಸವಿಲ್ಲದ ಲಕೋಟೆಯನ್ನು ಅಂಚೆಗೆ ಹಾಕಿದಂತೆ.

ಪಟ್ಟಿಯ ತರುವಾಯ ಲೆಕ್ಕ. 25 ಹೆಸರುಗಳ ಮುಂದೆಯೂ ಮೂರು ವಿಷಯಗಳನ್ನು ಬರೆಯಲು ನಮ್ಮ ಅಣ್ಣನ ಮಗನಿಗೆ ಸೂಚಿಸಿದೆವು: ಬಂದದ್ದೆಷ್ಟು, ಕೊಟ್ಟದ್ದೆಷ್ಟು, ಉಳಿದದ್ದೆಷ್ಟು. ಹೆಚ್ಚಿನವರದು ಸರಿಯಾಗಿಯೇ ಇತ್ತು. ಆರು ಮಂದಿಯದು ಬಾಕಿಯಿತ್ತು. ಅದರಲ್ಲಿ ಒಂದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ. ಸಣ್ಣ ಉದ್ಯೋಗ ನಡೆಸುವ ಮನೆಗಳವರಿಗೆ ಇದು ತಮ್ಮದೇ ಪುಸ್ತಕದ ಪುಟದಂತೆ ಕಾಣಬಹುದು.

ಒಬ್ಬ ರೈತರು ಮಾರ್ಚ್ ತಿಂಗಳಿನಲ್ಲಿ ತಮ್ಮ ಮನೆಯಲ್ಲಿಯೇ ಬೀಜ ತೆಗೆಸಿದ 240 ಕಿಲೋ ಹಣ್ಣನ್ನು ತಂದು ಹಾಕಿದ್ದರು. ಮಾತಾದ ದರ ಕಿಲೋಗೆ 120 ರೂಪಾಯಿ. ಅಂದರೆ 28,800 ರೂಪಾಯಿ. ಅಂದೇ 20,000 ಕೊಟ್ಟಿದ್ದರು. ಉಳಿಯಬೇಕಾದದ್ದು 8,800. ಆದರೆ ಪುಸ್ತಕದಲ್ಲಿ 8,080 ಎಂದಿತ್ತು. ಈ 720 ರೂಪಾಯಿ ಎಲ್ಲಿ ಹೋಯಿತೆಂದು ನೋಡಿದರೆ, ಹಣ್ಣಿನಲ್ಲಿ ತೇವವಿದೆಯೆಂದು 6 ಕಿಲೋ ತೂಕವನ್ನು ಕಳೆದು 234 ಕಿಲೋ ಎಂದು ಬರೆದಿದ್ದರು. ತೇವ ಇದ್ದದ್ದು ನಿಜವಿರಬಹುದು. ತೇವದ ಹಣ್ಣು ಇಟ್ಟಲ್ಲಿ ಬೂಸಲು ಹಿಡಿಯುತ್ತದೆ, ಒಣಗಿದ ಮೇಲೆ ತೂಕ ಇಳಿಯುತ್ತದೆ. ಕಳೆಯುವುದು ವ್ಯಾಪಾರದಲ್ಲಿ ಹೊಸದಲ್ಲ.

"ಕಳೆದದ್ದನ್ನು ತಕ್ಕಡಿಯ ಮುಂದೆಯೇ ಅವರಿಗೆ ಹೇಳಿದ್ದೆಯೇನಪ್ಪಾ?" ಎಂದು ನಾವು ಕೇಳಿದೆವು.

"ಇಲ್ಲ ಚಿಕ್ಕಪ್ಪ. ಅವರು ಹೋದ ಮೇಲೆ ಚೀಲ ಬಿಚ್ಚಿ ನೋಡಿ ಬರೆದುಕೊಂಡೆ."

ಸಾಲ ಎಷ್ಟೆಂಬುದು ಕೊಟ್ಟವರು ಹೊರಟುಹೋದ ಮೇಲೆ ತೆಗೆದುಕೊಂಡವನೊಬ್ಬನೇ ನಿಶ್ಚಯಿಸುವ ವಿಷಯವಲ್ಲ. ತೂಕದಲ್ಲಿ ಕಳೆಯುವುದಿದ್ದರೆ ಕೊಟ್ಟವರು ಎದುರಿಗಿರುವಾಗಲೇ ಹಿಡಿ ಹಣ್ಣನ್ನು ತೆಗೆದು ತೋರಿಸಿ, ಅವರು ಒಪ್ಪಿದ ಮೇಲೆ ಕಳೆಯಬೇಕು. ಆಗ ಅವರಿಗೆ ಚೀಲವನ್ನು ಹೊತ್ತು ಹಿಂದಿರುಗುವ ಸ್ವಾತಂತ್ರ್ಯವೂ ಇರುತ್ತದೆ. ಏಳು ತಿಂಗಳ ಮೇಲೆ ಹೇಳಿದರೆ ಆ ಸ್ವಾತಂತ್ರ್ಯವೆಲ್ಲಿ? ಅಣ್ಣನ ಮಗ ಬಹಳ ಹೊತ್ತು ಯೋಚಿಸಿದ. ಕೊನೆಗೆ ಪುಸ್ತಕದಲ್ಲಿ 8,080ನ್ನು ಹೊಡೆದು 8,800 ಎಂದು ಬರೆದ. 720 ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಆ ಒಂದು ಸಂಖ್ಯೆಯನ್ನು ತಿದ್ದದೆ ಬರೆದಿದ್ದರೆ ಓಲೆಯಲ್ಲಿ ಎಷ್ಟು ಜೇನು ಸುರಿದರೂ ಒಳಗೊಂದು ಹುಣಸೆಯ ಬೀಜ ಉಳಿದಿರುತ್ತಿತ್ತು.

ಈ ಸಂದರ್ಭದಲ್ಲಿ ಕಾನೂನಿನ ಒಂದು ಮಾತನ್ನೂ ಓದುಗರ ಗಮನಕ್ಕೆ ತರಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ ಪ್ರಕಾರ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮವೊಂದರಿಂದ ಮಾಲನ್ನೋ ಸೇವೆಯನ್ನೋ ಪಡೆದವರು ಲಿಖಿತ ಕರಾರಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಸಲ್ಲಿಸಬೇಕು. ಆ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಕರಾರಿಲ್ಲದಿದ್ದರೆ 15 ದಿನಗಳು. ತಪ್ಪಿದರೆ ರಿಸರ್ವ್ ಬ್ಯಾಂಕು ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳು ತಿಂಗಳಿಗೆ ಚಕ್ರಬಡ್ಡಿಯಾಗಿ ತೆರಬೇಕು. ನೋಂದಣಿ ಮಾಡಿಸಿಕೊಂಡ ಚೀಟಿಯ ಮುದ್ರಣಾಲಯದವರಿಗೆ, ಗಾಣದವರಿಗೆ ಈ ಆಸರೆಯುಂಟು. ಆದರೆ ಹೊಲದಿಂದ ಹಣ್ಣು ತಂದ ರೈತರಿಗೂ ಮನೆಯ ಪಡಸಾಲೆಯಲ್ಲಿ ಬೀಜ ಬಿಡಿಸುವ ತಾಯಂದಿರಿಗೂ ಅಂತಹ ನೋಂದಣಿಯೆಲ್ಲಿಯದು? ಕಾನೂನಿನ ಕೈ ತಲುಪದ ಅಂತಹವರ ಬಾಕಿಯೇ ಸಾಮಾನ್ಯವಾಗಿ ಕೊನೆಗೆ ತೀರುವುದು. ಆದುದರಿಂದ ನಮ್ಮ ಮನೆಯಲ್ಲಿ ಆ ಕ್ರಮವನ್ನು ತಿರುಗಿಸಿದೆವು. ಹೆಣ್ಣುಮಕ್ಕಳ ಕೂಲಿಯ ಚೂರುಪಾರು ಬಾಕಿ ಮೊದಲು, ರೈತರದು ಅನಂತರ, ದೊಡ್ಡ ವರ್ತಕರದು ಕೊನೆಗೆ. ಒಬ್ಬ ವರ್ತಕರ ಹಣವನ್ನು ಮಾತ್ರ ಹಬ್ಬಕ್ಕೆ ಮುಂಚೆ ಹೊಂದಿಸಲಾಗಲಿಲ್ಲ. ಅವರಿಗೆ ಹಬ್ಬದ ಓಲೆಯನ್ನು ಕಳುಹಿಸದೆ, ಕಾರ್ತಿಕದ ಯಾವ ದಿನ ಎಷ್ಟು ಹಣ ತಲುಪುವುದೆಂಬುದನ್ನಷ್ಟೇ ತಿಳಿಸಿ ಬೇರೊಂದು ಪತ್ರ ಬರೆಸಿದೆವು.

ಅನಂತರ ಉಡುಗೊರೆಯ ಪ್ರಶ್ನೆ ಬಂದಿತು. ಎಲ್ಲರಿಗೂ ಅರ್ಧ ಕಿಲೋ ಮಿಠಾಯಿಯ ಪೆಟ್ಟಿಗೆ, ಬಡವರಿಗೆ ಅದರೊಡನೆ ಒಂದು ಸೀರೆ ಅಥವಾ ಪಂಚೆ ಎಂದು ಸೊಸೆ ಯೋಚಿಸಿದ್ದಳು. ಅವಳ ಮನಸ್ಸು ಒಳ್ಳೆಯದೇ. ಆದರೆ ನಮಗೆ ಮೋಳಿಗೆಯ ಮಾರಯ್ಯನವರ ನೆನಪಾಯಿತು.

ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದ ಮಾರಯ್ಯನವರು ಕಾಡಿನಿಂದ ಸೌದೆಯ ಹೊರೆಯನ್ನು ಹೊತ್ತು ತಂದು ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವರು ಮನೆಮನೆಗೆ ಉರುವಲು ಒದಗಿಸುತ್ತಿದ್ದವರು, ತಾವೇ ಸಾಗಿಸುತ್ತಿದ್ದವರು. ಅವರಿಲ್ಲದ ವೇಳೆಯಲ್ಲಿ ಬಸವಣ್ಣನವರು ಜಂಗಮವೇಷದಲ್ಲಿ ಬಂದು, ಮಹಾದೇವಿಯಮ್ಮನವರು ನೀಡಿದ ಅಂಬಲಿಯನ್ನು ಸ್ವೀಕರಿಸಿ, ಆ ಮನೆಯ ಬಡತನಕ್ಕೆ ಮರುಗಿ, ಹೊನ್ನಿನ ಗಂಟನ್ನು ಗುಟ್ಟಾಗಿ ಇಟ್ಟು ಹೋದರಂತೆ. ಹಿಂದಿರುಗಿದ ಮಾರಯ್ಯನವರಿಗೆ ಅದು ಸಂತೋಷವನ್ನುಂಟುಮಾಡಲಿಲ್ಲ. ತಮ್ಮ ಹೊರೆಯ ಬೆಲೆಯಲ್ಲದ ಆ ಹೊನ್ನನ್ನು ಮನೆಯಲ್ಲಿ ಉಳಿಸಿಕೊಳ್ಳದೆ ಜಂಗಮರಿಗೆ ಕೊಟ್ಟುಬಿಟ್ಟರು.

ಕೊಟ್ಟವರು ಬಸವಣ್ಣನವರಂತಹವರು, ಕೊಟ್ಟದ್ದು ಕರುಣೆಯಿಂದ. ಆದರೂ ಕಾಯಕಜೀವಿಯ ಮನಸ್ಸಿಗೆ ಅದು ಹಿತವಾಗಲಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಬೀಜ ಬಿಡಿಸಿದ ತಾಯಿಗೆ ಸೀರೆ, ಬಾಟಲಿಯ ವರ್ತಕರಿಗೆ ಬರೀ ಮಿಠಾಯಿ ಎಂದು ಭೇದ ಮಾಡಿದಾಗ, ಸೀರೆ ಪಡೆದವರು ತಾವು ಸಮಾನರ ಸಾಲಿನಿಂದ ಒಂದು ಮೆಟ್ಟಲು ಕೆಳಗಿಳಿದೆವೆಂದು ಮೊದಲು ಅರಿಯುತ್ತಾರೆ. ಅವರಿಗೆ ಹೆಚ್ಚು ಕೊಡಬೇಕೆಂಬ ಮನಸ್ಸಿದ್ದರೆ ಮುಂದಿನ ಸುಗ್ಗಿಗೆ ಕಿಲೋ ಕೂಲಿಯಲ್ಲಿಯೇ ಹೆಚ್ಚಿಸಬಹುದು. ಅದು ಅವರ ಹಕ್ಕಾಗಿ ಬರುತ್ತದೆ, ತಲೆಬಾಗಿ ತೆಗೆದುಕೊಳ್ಳಬೇಕಾದುದಲ್ಲ. ಸೊಸೆ ಇದನ್ನು ಒಪ್ಪಿದಳು. ಕೂಲಿಯನ್ನು ಏರಿಸುವುದೆಂದು ಗಂಡಹೆಂಡಿರು ನಿಶ್ಚಯಿಸಿದರು. ಹಬ್ಬಕ್ಕೆ ಮಾತ್ರ 25 ಮಂದಿಗೂ ಒಂದೇ ಬಗೆಯ ಪೊಟ್ಟಣ: ಮನೆಯ ಗೊಜ್ಜಿನ ಒಂದು ಬಾಟಲಿ, ಮನೆಯಲ್ಲಿಯೇ ಮಾಡಿದ ಕೊಬ್ಬರಿ ಮಿಠಾಯಿ. ಹಣ್ಣು ಬೆಳೆದ ರೈತರಲ್ಲಿ ಇಬ್ಬರು ತಮ್ಮ ಹಣ್ಣಿನ ಗೊಜ್ಜನ್ನು ಅದುವರೆಗೆ ರುಚಿ ನೋಡಿಯೇ ಇರಲಿಲ್ಲವೆಂಬುದು ಆಮೇಲೆ ತಿಳಿಯಿತು.

ಇಷ್ಟೆಲ್ಲ ಆದ ಮೇಲೆ ನಾವು ಲೇಖನಿಯನ್ನು ಹಿಡಿದೆವು. ಹಿಡಿದು ಸೊಸೆಯ ಕೈಗೆ ಕೊಟ್ಟೆವು. ಬರೆಯಬೇಕಾದವರು ಅವರು, ನಾವಲ್ಲ. ಒಂದು ನಿಯಮವನ್ನಷ್ಟೇ ಹೇಳಿದೆವು: ಪ್ರತಿಯೊಬ್ಬರ ಓಲೆಯಲ್ಲಿಯೂ ಈ ವರ್ಷ ಅವರು ಮಾಡಿದ ಒಂದು ಕೆಲಸವನ್ನು, ಬೇರೆ ಯಾರಿಗೂ ಹೊಂದದಂತಹ ಒಂದನ್ನು, ಹೆಸರಿಸಬೇಕು. ಅಮೂಲ್ಯ ಸಹಕಾರವೆಂಬ ಮಾತು ಎಲ್ಲರಿಗೂ ಸಲ್ಲುವುದರಿಂದಲೇ ಯಾರಿಗೂ ಸಲ್ಲುವುದಿಲ್ಲ. ಮೊಬೈಲಿನಲ್ಲಿ ಒಮ್ಮೆಗೇ ನೂರು ಜನರಿಗೆ ಹೋಗುವ ಹಣತೆಯ ಚಿತ್ರವನ್ನು ಯಾರೂ ಎರಡನೆಯ ಸಲ ನೋಡದಿರುವುದೂ ಇದಕ್ಕಾಗಿಯೇ.

ಮೊದಲಿನ ಓಲೆಗೆ ಬಹಳ ಹೊತ್ತು ಹಿಡಿಯಿತು. 8,800 ರೂಪಾಯಿಯ ರೈತರಿಗೆ ಆಕೆ ಬರೆದದ್ದು ಹೀಗಿತ್ತು:

"ಶ್ರೀ ವಿಶ್ವಾವಸು ನಾಮ ಸಂವತ್ಸರದ ಆಶ್ವಯುಜ ಮಾಸ. ಊರ್ಡಿಗೆರೆಯಿಂದ. ಪೂಜ್ಯರಿಗೆ ಶರಣು ಶರಣಾರ್ಥಿಗಳು. ಮಾರ್ಚಿಯಲ್ಲಿ ತಾವು ಕೊಟ್ಟ 240 ಕಿಲೋ ಹಣ್ಣಿನ ಬಾಕಿ 8,800 ರೂಪಾಯಿಗಳನ್ನು ಈ ಓಲೆಗೆ ಮೊದಲೇ ತಮ್ಮ ಕೈಗೆ ಒಪ್ಪಿಸಿದ್ದೇವೆ. ತೇವವೆಂದು 6 ಕಿಲೋವನ್ನು ತಮಗೆ ತಿಳಿಸದೆ ಕಳೆದು ಬರೆದುಕೊಂಡಿದ್ದೆವು. ಅದು ನಮ್ಮ ತಪ್ಪು. ಅದನ್ನೂ ಸೇರಿಸಿದ್ದೇವೆ. ಇನ್ನು ಮುಂದೆ ತೂಕದ ಮಾತೇನಿದ್ದರೂ ತಮ್ಮೆದುರಿಗೇ ಆಗುವುದು. ತಮ್ಮ ಹಣ್ಣಿನಿಂದ ಮಾಡಿದ ಗೊಜ್ಜಿನಲ್ಲಿ ಬೀಜ ಸಿಕ್ಕಿತೆಂದು ಈ ವರ್ಷ ಒಬ್ಬ ಗಿರಾಕಿಯೂ ದೂರಲಿಲ್ಲ. ಅದಕ್ಕಾಗಿ ತಮ್ಮ ಮನೆಯ ತಾಯಂದಿರಿಗೆ ನಮ್ಮ ನಮಸ್ಕಾರ ತಿಳಿಸಬೇಕು. ತಮಗೂ ಮನೆಯವರಿಗೂ ದೀಪಾವಳಿಯ ಶುಭಾಶಯಗಳು."

ಇದರಲ್ಲಿ ಒಂದೂ ದೊಡ್ಡ ಸಮಾಸವಿಲ್ಲ. 1984ರ ನಮ್ಮ ಪುಟದ ಕಾಲುಭಾಗವೂ ಇದಿಲ್ಲ. ಅದನ್ನು ಓದಿದಾಗ ಆ ವೃದ್ಧ ರೈತರು ಹುಡುಕಿ ಕಾಣದೆ ಹೋದ ಸಾಲು ನಲವತ್ತೊಂದು ವರ್ಷಗಳ ಮೇಲೆ ಬೇರೊಬ್ಬರ ಓಲೆಯಲ್ಲಿ ಸೇರಿತೆಂದು ನಮಗೆ ಅನಿಸಿತು.

ಲಗೇಜ್ ಆಟೋದ ಚಾಲಕರು ಮುಸಲ್ಮಾನರು. ಅವರಿಗೆ ಶರಣಾರ್ಥಿಯೆಂದು ಬರೆಯುವುದೋ, ಏನೆಂದು ಬರೆಯುವುದೋ ಎಂದು ಸೊಸೆ ಕೇಳಿದಳು. ದಿನವೂ ಎದುರಾದಾಗ ಏನೆನ್ನುತ್ತೀಯೋ ಅದನ್ನೇ ಬರೆ ಎಂದೆವು. "ನಮಸ್ಕಾರ ಅಣ್ಣ" ಎಂದೇ ಬರೆದಳು. ಮುಂದಿನ ಸಾಲು: "ಆಗಸ್ಟಿನಲ್ಲಿ ಮಳೆ ಸುರಿದ ರಾತ್ರಿ ಕುಣಿಗಲ್ ದಾರಿಯಲ್ಲಿ ಗಾಡಿ ನಿಂತಾಗ ನಿಮ್ಮ ಟಾರ್ಪಾಲನ್ನು ನಮ್ಮ ಪೆಟ್ಟಿಗೆಗಳಿಗೆ ಹೊದಿಸಿ ನೀವು ನೆನೆದಿರಿ. ಒಂದು ಚೀಟಿಯೂ ಒದ್ದೆಯಾಗಲಿಲ್ಲ. ಅದನ್ನು ನೀವು ನಮಗೆ ಹೇಳಲಿಲ್ಲ, ಅಂಗಡಿಯವರು ಹೇಳಿದರು." ಅದರ ಕೆಳಗೆ ನಾವು ಇನ್ನೊಂದು ವಿಷಯವನ್ನು ಸೇರಿಸಲು ಹೇಳಿದೆವು. ಅಕ್ಟೋಬರ್ 20ರ ಸೋಮವಾರ ನರಕ ಚತುರ್ದಶಿಯಿಂದ 22ರ ಬುಧವಾರ ಬಲಿಪಾಡ್ಯಮಿಯವರೆಗೆ ಕೆಲಸವಿಲ್ಲ, ಗಾಡಿ ತರಬೇಕಾಗಿಲ್ಲ, 23ರ ಬೆಳಿಗ್ಗೆ ಮೊದಲ ಮಾಲು. ಸಾಗಿಸುವವರಿಗೆ ಕಳುಹಿಸುವ ಹಬ್ಬದ ಓಲೆಯಲ್ಲಿ ಇಂತಹ ಸಾಲು ಇಲ್ಲದಿದ್ದರೆ, ಅವರು ಬಂದು ಬೀಗ ಹಾಕಿದ ಬಾಗಿಲನ್ನು ನೋಡಿ ಹಿಂದಿರುಗಬೇಕಾಗುತ್ತದೆ. ಆ ದಿನದ ಡೀಸೆಲ್ ಅವರದೇ ನಷ್ಟ.

ಓಲೆಯಲ್ಲಿ ಬರಬಾರದ ವಿಷಯವೂ ಒಂದಿದೆ. ಬೆಲ್ಲದ ವರ್ತಕರಿಗೆ ಬರೆಯುವಾಗ ಅಣ್ಣನ ಮಗ, "ಮುಂದಿನ ವರ್ಷವೂ ಇದೇ ದರದಲ್ಲಿ ಒದಗಿಸಿ ಸಹಕರಿಸಬೇಕಾಗಿ ವಿನಂತಿ" ಎಂದು ಕೊನೆಗೆ ಸೇರಿಸಿದ. ನಾವು ಹೊಡೆದುಹಾಕಿಸಿದೆವು. ಆ ಒಂದು ಸಾಲು ಮೇಲಿನ ಸಾಲುಗಳನ್ನೆಲ್ಲ ದರದ ಮಾತಿಗೆ ಪೀಠಿಕೆಯನ್ನಾಗಿ ಮಾಡಿಬಿಡುತ್ತದೆ. ದರದ ಮಾತು ತಪ್ಪಲ್ಲ, ಹಬ್ಬ ಕಳೆದ ಮೇಲೆ ಬೇರೆ ಕಾಗದದಲ್ಲಿ ಬರೆಯಲಿ.

ಏಳು ಮಂದಿ ತಾಯಂದಿರಲ್ಲಿ ನಾಲ್ವರಿಗೆ ಓದು ಬಾರದು. ಅವರ ಓಲೆಗಳನ್ನು ಸೊಸೆ ತಾನೇ ಅವರವರ ಮನೆಗೆ ಒಯ್ದು ಓದಿ ಹೇಳಿದಳು. ಓದು ಬಾರದವರಿಗೆ ಕಾಗದವೇಕೆ, ಬಾಯಿಮಾತು ಸಾಲದೇ ಎಂದು ಯಾರಾದರೂ ಕೇಳಬಹುದು. ಒಬ್ಬ ತಾಯಿ ಓಲೆಯನ್ನು ಕೇಳಿದ ಮೇಲೆ, "ಇದ್ರಾಗೆ ನನ್ನ ಹೆಸ್ರು ಎಲ್ಲೈತವ್ವ?" ಎಂದು ಕೇಳಿ, ತೋರಿಸಿದ ಜಾಗದ ಮೇಲೆ ಬೆರಳಿಟ್ಟು ನೋಡಿದರಂತೆ. ಮೇ ತಿಂಗಳ ಮಳೆಗೆ ಇವರ ಚಾವಣಿ ಸೋರಿದಾಗ ಆರು ಚೀಲ ಹಣ್ಣನ್ನು ತಮ್ಮ ಮಲಗುವ ಕೋಣೆಯಲ್ಲಿ ಇರಿಸಿಕೊಂಡು, ತಾವು ಜಗಲಿಯಲ್ಲಿ ಮಲಗಿದವರು ಅವರು. ಅದನ್ನು ಆ ಓಲೆಯಲ್ಲಿ ಬರೆಯಲಾಗಿತ್ತು. ಅದನ್ನವರು ಗೂಡಿನಲ್ಲಿ, ವಿಭೂತಿಯ ಗಟ್ಟಿಯ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆಂದು ಕೇಳಿದೆವು.

ಕೊರಿಯರ್ ಹುಡುಗನ ಹೆಸರನ್ನು ಮರುದಿನವೇ ಕೇಳಿ ಬರೆದುಕೊಂಡಿದ್ದರು. ಆದರೆ ಹಬ್ಬಕ್ಕೆ ಎರಡು ದಿನ ಮುಂಚೆ ಓಲೆಯನ್ನು ಕೊಡಬೇಕೆಂದಾಗ ಬಂದವನು ಬೇರೆಯವನು. ಹಿಂದಿನವನು ಬೇರೆ ದಾರಿಗೆ ಹೋಗಿದ್ದ. ಹೊಸಬನ ಹೆಸರನ್ನು ಕೇಳಿ, ಅಲ್ಲಿಯೇ ಕುಳಿತು ಅವನಿಗೂ ಒಂದು ಓಲೆ ಬರೆದಳು. ಅವನ ಕೆಲಸವೇನೂ ಇನ್ನೂ ತಿಳಿಯದ್ದರಿಂದ, ಬಂದದ್ದಕ್ಕೆ ಸಂತೋಷ, ಹಬ್ಬದ ದಿನ ಜೋಪಾನವಾಗಿ ಗಾಡಿ ಓಡಿಸಬೇಕು ಎಂದಷ್ಟೇ ಬರೆದಳು. ಹಳಬನ ಓಲೆ ಇನ್ನೂ ಮನೆಯಲ್ಲಿಯೇ ಇದೆ. ಇದೊಂದು ಲೋಪವಾಗಿ ಉಳಿಯಿತು.

ಬಲಿಪಾಡ್ಯಮಿಯ ಸಂಜೆ ಮನೆಯ ಮುಂದೆ ಹಣತೆಗಳನ್ನು ಹಚ್ಚುವಾಗ 240 ಕಿಲೋ ಹಣ್ಣಿನ ರೈತರು ಬಂದರು. ಅವರ ಕೈಯಲ್ಲಿ ಓಲೆಯಿರಲಿಲ್ಲ, ಒಂದು ಚೀಲದಲ್ಲಿ ಹತ್ತು ತೆಂಗಿನಕಾಯಿಗಳಿದ್ದವು. ಪ್ರಸಾದ ಸ್ವೀಕರಿಸಿ, ತಾಂಬೂಲ ಹಾಕಿಕೊಂಡ ಮೇಲೆ ಅಣ್ಣನ ಮಗನಿಗೆ ಹೇಳಿದರು: "ಆ ಸಲ ಹಣ್ಣು ಒಸಿ ತ್ಯಾವ ಇದ್ದಿದ್ದು ದಿಟ ಕಣಪ್ಪ. ನಂಗೂ ಗೊತ್ತಿತ್ತು. ಈ ಸಲ ಇನ್ನೆಲ್ಡು ದಿನ ಒಣಗ್ಸಿ ತರ್ತೀನಿ."

ಸೊಸೆ ಈಗ ಒಂದು ನೂರು ಪುಟದ ನೋಟುಪುಸ್ತಕವನ್ನು ಅಡುಗೆಮನೆಯ ಕಪಾಟಿನಲ್ಲಿ ಇಟ್ಟಿದ್ದಾಳೆ. ಒಂದೊಂದು ಹೆಸರಿಗೂ ಒಂದೊಂದು ಪುಟ. ಯಾರಾದರೂ ಏನಾದರೂ ಮಾಡಿದ ದಿನವೇ ಅಲ್ಲಿ ಒಂದು ಸಾಲು ಬರೆದಿಡುತ್ತಾಳೆ. ಹಬ್ಬ ಬಂದಾಗ ನೆನಪಿಸಿಕೊಳ್ಳಲು ಕುಳಿತರೆ ದೊಡ್ಡವರು ಮಾಡಿದ ದೊಡ್ಡ ಕೆಲಸಗಳಷ್ಟೇ ನೆನಪಾಗುತ್ತವೆಯೆಂಬುದು ಆಕೆಯ ಅನುಭವ. ಅದೇ ಪುಟದ ಎದುರು ಮಗ್ಗುಲಲ್ಲಿ ಅವರವರ ಬಾಕಿಯ ಲೆಕ್ಕವಿದೆ. ಎರಡನ್ನೂ ಎದುರುಬದುರಾಗಿ ಬರೆದಿಟ್ಟದ್ದು ನಮಗೆ ಬಹಳ ಮೆಚ್ಚಿಗೆಯಾಯಿತು.

ಈ ಪತ್ರಿಕೆಯನ್ನು ಓದುವ ಸದ್ಭಕ್ತರ ಮನೆಗಳಲ್ಲಿ ಅಂಗಡಿ, ಗಿರಣಿ, ಗಾಣ, ಅಚ್ಚುಕೂಟಗಳನ್ನು ನಡೆಸುವವರು ಅನೇಕರಿರುವರು. ಮುಂದಿನ ದೀಪಾವಳಿಗೆ ಓಲೆ ಬರೆಯುವ ಮನಸ್ಸಾದರೆ, ಲೇಖನಿಗಿಂತ ಮೊದಲು ಲೆಕ್ಕದ ಪುಸ್ತಕವನ್ನು ತೆರೆಯಬೇಕೆಂಬುದು ಒಮ್ಮೆ ನಾಚಿಕೆಪಟ್ಟ ನಮ್ಮ ಬಿನ್ನಹ. ಶರಣು ಶರಣಾರ್ಥಿಗಳು.